ನಿಪ್ಪಟ್ಟಿನ ಪ್ಯಾಕೆಟ್ ಮೇಲೆ ಯಾವ ತಾರೀಖು, ಯಾವ ಮಾತು?

ಪ್ರಶ್ನೆ: ಹಾಸನದ ಹತ್ತಿರ ಮನೆಯಲ್ಲೇ ನಿಪ್ಪಟ್ಟು, ಚಕ್ಕುಲಿ, ಕೋಡುಬಳೆ ಮಾಡಿ ಮಾರುತ್ತಿದ್ದೇನೆ. ಎಫ್‌ಎಸ್‌ಎಸ್‌ಎಐ ನೋಂದಣಿ ಆಗಿದೆ. ಪ್ಯಾಕೆಟ್ ಮೇಲೆ ‘ಮೂರು ತಿಂಗಳೊಳಗೆ ಬಳಸಿ’ ಎಂದು ಹಾಕುತ್ತೇನೆ. ಆದರೆ ನಿಪ್ಪಟ್ಟು ಒಂದೂವರೆ ತಿಂಗಳಿಗೇ ಕಮಟು ವಾಸನೆ ಬರುತ್ತದೆ, ಮಳೆಗಾಲದಲ್ಲಿ ಮೆತ್ತಗಾಗುತ್ತದೆ ಎಂದು ಅಂಗಡಿಯವರು ವಾಪಸ್ ಕೊಡುತ್ತಿದ್ದಾರೆ. ಲೇಬಲ್ ಕೂಡ ಸರಿಯಿಲ್ಲವಂತೆ. ಎಷ್ಟು ದಿನ ಎಂದು ಬರೆಯಬೇಕು, ಯಾವ ಕವರ್ ಬಳಸಬೇಕು, ಲೇಬಲ್‌ನಲ್ಲಿ ಏನೇನಿರಬೇಕು?

ಉತ್ತರ: ‘ಮೂರು ತಿಂಗಳು’ ಎಂಬುದನ್ನು ಇವತ್ತೇ ನಿಲ್ಲಿಸಿ. ನಿಪ್ಪಟ್ಟಿಗೆ ಇಷ್ಟು ದಿನ, ಚಕ್ಕುಲಿಗೆ ಇಷ್ಟು ದಿನ ಎಂದು ಯಾವ ನಿಯಮವೂ ಹೇಳುವುದಿಲ್ಲ. ಆ ಅವಧಿಯನ್ನು ತಯಾರಿಸಿದವರೇ ನಿರ್ಧರಿಸಬೇಕು, ಅದಕ್ಕೆ ಅವರೇ ಹೊಣೆ. ನಿಮ್ಮ ಎಣ್ಣೆ, ನಿಮ್ಮ ಕವರ್, ನಿಮ್ಮ ಸೀಲ್ ಮೂರೂ ಸೇರಿ ಎಷ್ಟು ದಿನ ಕಾಯುತ್ತವೋ ಅಷ್ಟೇ ನಿಮ್ಮ ತಾರೀಖು. ಹಾಗಾಗಿ ಮೊದಲು ಪದಾರ್ಥ ಯಾಕೆ ಕೆಡುತ್ತಿದೆ ಎಂದು ನೋಡೋಣ, ಲೇಬಲ್ ವಿಷಯ ಆಮೇಲೆ. ಮೂರೂ ತಿಂಡಿಗಳನ್ನು ಒಟ್ಟಿಗೆ ಹೇಳಿದರೆ ಗೊಂದಲವಾಗುತ್ತದೆ. ನಿಪ್ಪಟ್ಟನ್ನೇ ಹಿಡಿದು ಹೇಳುತ್ತೇವೆ. ಕಡಲೆಕಾಯಿ ಬೀಜ ಇರುವುದರಿಂದ ಮೂರರಲ್ಲಿ ಬೇಗ ಕೆಡುವುದು ಅದೇ.

ಚೆನ್ನಾಗಿ ಕರಿದ ನಿಪ್ಪಟ್ಟಿನಲ್ಲಿ ತೇವಾಂಶ ಶೇಕಡಾ 2ರಿಂದ 3ರಷ್ಟು ಮಾತ್ರ ಉಳಿದಿರುತ್ತದೆ. ಅಷ್ಟು ಒಣಗಿದ್ದರಲ್ಲಿ ಬೂಷ್ಟು, ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಅದನ್ನು ಕೆಡಿಸುವುದು ಬೇರೆ ಎರಡು. ಹೊರಗಿನ ತೇವ ಒಳಗೆ ಬಂದು ಗರಿಗರಿ ಹೋಗುವುದು ಒಂದು. ಗಾಳಿಯ ಆಮ್ಲಜನಕ ಎಣ್ಣೆಯ ಜೊತೆ ಸೇರಿ ಕಮಟು ಹಿಡಿಯುವುದು ಇನ್ನೊಂದು. ಅಂಗಡಿಯವರು ಹೇಳಿದ ಎರಡು ದೂರುಗಳೂ ಇವೇ. ಎರಡಕ್ಕೂ ಕಾರಣ ಬೇರೆ, ಪರಿಹಾರವೂ ಬೇರೆ. ಮೆತ್ತಗಾದದ್ದು ಬಹುಮಟ್ಟಿಗೆ ಕವರ್ ಅಥವಾ ಸೀಲಿನ ತಪ್ಪು. ಕಮಟಾದದ್ದಕ್ಕೆ ಮೊದಲು ಬಾಣಲೆಯನ್ನೇ ನೋಡಬೇಕು.

ಬಾಣಲೆಯ ಎಣ್ಣೆ ಹಳೆಯದಾಗಿದ್ದರೆ ಅದರಲ್ಲಿ ಕರಿದ ನಿಪ್ಪಟ್ಟು ಪ್ಯಾಕೆಟ್‌ಗೆ ಹೋಗುವ ಹೊತ್ತಿಗೇ ಅರ್ಧ ಆಯಸ್ಸು ಕಳೆದುಕೊಂಡಿರುತ್ತದೆ. ಮೇಲಿನಿಂದ ಹೊಸ ಎಣ್ಣೆ ಸುರಿದು ಸರಿದೂಗಿಸುವ ಅಭ್ಯಾಸ ಬಹಳ ಕಡೆ ಇದೆ. ಇದರಿಂದ ಹಳೆಯದು ಹೊಸದಾಗುವುದಿಲ್ಲ, ಹೊಸದೇ ಬೇಗ ಹಳತಾಗುತ್ತದೆ. ಎಣ್ಣೆ ಮತ್ತೆ ಮತ್ತೆ ಕಾದಂತೆ ಅದರಲ್ಲಿ ಹೆಚ್ಚುವ ‘ಪೋಲಾರ್’ ಸಂಯುಕ್ತಗಳು ಶೇಕಡಾ 25 ಮೀರಬಾರದು ಎಂಬ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಅದನ್ನು ಅಳೆಯುವ ಮೀಟರ್ ಮನೆ ಉದ್ಯಮದಲ್ಲಿ ಇರುವುದಿಲ್ಲ. ಕಣ್ಣಿಗೆ ಕಾಣುವ ಗುರುತುಗಳು ಸಾಕು: ಎಣ್ಣೆ ಗಾಢ ಕಂದು ಬಣ್ಣಕ್ಕೆ ತಿರುಗುವುದು, ತಣ್ಣಗಾದ ಮೇಲೆ ಜಿಗುಟಾಗುವುದು, ತಿಂಡಿ ಹಾಕಿದಾಗ ಸಣ್ಣ ನೊರೆ ಎದ್ದು ಬೇಗ ಇಳಿಯದೆ ನಿಲ್ಲುವುದು, ಕರಿಯುವ ಶಾಖಕ್ಕೆ ಬರುವ ಮೊದಲೇ ಹೊಗೆಯಾಡುವುದು. ಇವುಗಳಲ್ಲಿ ಒಂದು ಕಂಡರೂ ಆ ಎಣ್ಣೆಯನ್ನು ಮಾರಾಟದ ತಿಂಡಿಗೆ ಬಳಸಬೇಡಿ. ದಿನದ ಕೆಲಸ ಮುಗಿದ ಮೇಲೆ ತಳದ ಪುಡಿಯನ್ನು ಬಟ್ಟೆಯಲ್ಲಿ ಸೋಸಿ ತೆಗೆಯಿರಿ. ಕರಿದು ಕಪ್ಪಾದ ಹಿಟ್ಟಿನ ಕಣ ಎಣ್ಣೆಯಲ್ಲಿ ಉಳಿದರೆ ಎಣ್ಣೆ ಇನ್ನೂ ಬೇಗ ಹಾಳಾಗುತ್ತದೆ. ಹಿತ್ತಾಳೆ, ತಾಮ್ರದ ಜಾಲರಿ ಸೌಟನ್ನು ಬಿಸಿ ಎಣ್ಣೆಗೆ ಹಾಕಬೇಡಿ. ತಾಮ್ರದ ಅಂಶ ತೀರಾ ಸ್ವಲ್ಪ ಎಣ್ಣೆಗೆ ಸೇರಿದರೂ ಕಮಟು ಹಿಡಿಯುವ ವೇಗ ಹೆಚ್ಚುತ್ತದೆ. ಸ್ಟೀಲ್ ಸೌಟು ಬಳಸಿ.

ಎಣ್ಣೆಯ ಜಾತಿಯೂ ಮುಖ್ಯ. ಸಾಮಾನ್ಯ ಸೂರ್ಯಕಾಂತಿ ಎಣ್ಣೆ ಗಾಳಿಗೆ ಬೇಗ ಸೋಲುತ್ತದೆ. ಕಡಲೆಕಾಯಿ ಎಣ್ಣೆ ಅದಕ್ಕಿಂತ ಹೆಚ್ಚು ತಾಳುತ್ತದೆ. ತಾಳೆ ಎಣ್ಣೆ ಇನ್ನೂ ಹೆಚ್ಚು ದಿನ ನಿಲ್ಲುತ್ತದೆ, ಆದರೆ ಅದರಲ್ಲಿ ಸ್ಯಾಚುರೇಟೆಡ್ ಕೊಬ್ಬು ಜಾಸ್ತಿ, ಗಿರಾಕಿಗಳಿಗೂ ಇಷ್ಟವಿಲ್ಲ. ಕಡಲೆಕಾಯಿ ಬೀಜವನ್ನೂ ಮರೆಯಬೇಡಿ. ಬೀಜವನ್ನು ಹುರಿದು, ಸಿಪ್ಪೆ ತೆಗೆದು, ಒಡೆದು ಡಬ್ಬಿಯಲ್ಲಿ ವಾರಗಟ್ಟಲೆ ಇಟ್ಟರೆ ಅದರೊಳಗಿನ ಎಣ್ಣೆ ಅಲ್ಲಿಯೇ ಕೆಡಲು ಶುರುವಾಗಿರುತ್ತದೆ. ನಿಪ್ಪಟ್ಟು ಮಾಡುವ ದಿನವೇ ಹುರಿದುಕೊಳ್ಳಿ.

ಈಗ ಪ್ಯಾಕಿಂಗ್. ಮನೆ ಉದ್ಯಮಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಬಿಸಿ ಇರುವಾಗಲೇ ಕವರ್‌ಗೆ ತುಂಬುವುದು. ಒಳಗಿನ ಹಬೆ ತಣಿದಾಗ ಕವರಿನ ಒಳಮೈಯಲ್ಲಿ ಸಣ್ಣ ನೀರಿನ ಹನಿ ಕಟ್ಟುತ್ತದೆ, ಆ ನೀರನ್ನೆಲ್ಲ ನಿಪ್ಪಟ್ಟು ಹೀರಿಕೊಳ್ಳುತ್ತದೆ. ಇದರ ವಿರುದ್ಧ ತಪ್ಪೂ ಇದೆ: ರಾತ್ರಿಯಿಡೀ ಪತ್ರಿಕೆಯ ಮೇಲೆ ಹರಡಿ ಬಿಡುವುದು. ಮಳೆಗಾಲದ ಒಂದು ರಾತ್ರಿಯಲ್ಲಿ ನಿಪ್ಪಟ್ಟು ತಿಂಗಳಿಗಾಗುವಷ್ಟು ತೇವ ಹೀರಿಬಿಡುತ್ತದೆ. ಪತ್ರಿಕೆಯನ್ನಂತೂ ಎಣ್ಣೆ ಸೋರಿಸಲಿಕ್ಕೂ ಬಳಸುವಂತಿಲ್ಲ. 2018ರ ಆಹಾರ ಪ್ಯಾಕೇಜಿಂಗ್ ನಿಯಮಗಳು ಆಹಾರವನ್ನು ಪತ್ರಿಕೆಯಲ್ಲಿ ಸುತ್ತುವುದನ್ನೂ ಇಡುವುದನ್ನೂ ನಿಷೇಧಿಸಿವೆ, ಮುದ್ರಣದ ಶಾಯಿ ಎಣ್ಣೆಯಲ್ಲಿ ಕರಗಿ ತಿಂಡಿಗೆ ಸೇರುತ್ತದೆ ಎಂಬುದೇ ಕಾರಣ. ಸ್ಟೀಲ್ ಜಾಲರಿಯ ಮೇಲೆ ಎಣ್ಣೆ ಚೆನ್ನಾಗಿ ಇಳಿಯಲು ಬಿಡಿ. ಮೇಲ್ಮೈಯಲ್ಲಿ ನಿಂತ ಎಣ್ಣೆ ಒಳಗಿನದಕ್ಕಿಂತ ಬೇಗ ಕಮಟುತ್ತದೆ. ಕೈಯಲ್ಲಿ ಮುರಿದು ನೋಡಿದಾಗ ನಡುವೆಯೂ ಬಿಸಿ ಇಲ್ಲ ಎನಿಸಿದ ತಕ್ಷಣ, ಸಾಮಾನ್ಯವಾಗಿ ಒಂದೆರಡು ಗಂಟೆಯಲ್ಲಿ, ಪ್ಯಾಕ್ ಮಾಡಿ ಮುಗಿಸಿ. ಅಷ್ಟರಲ್ಲಿ ಆಗದಿದ್ದರೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ತುಂಬಿಡಿ.

ಕವರ್ ವಿಷಯದಲ್ಲಿ ಅಂಗಡಿಯವರು ‘ದಪ್ಪ ಇದೆ, ಗಟ್ಟಿ ಇದೆ’ ಎಂದು ತೋರಿಸುವುದನ್ನು ನೋಡಿ ಕೊಳ್ಳಬೇಡಿ. ಸಾಮಾನ್ಯ ಪಾಲಿಥಿನ್ ಕವರ್ ನೀರನ್ನು ಸುಮಾರಾಗಿ ತಡೆಯುತ್ತದೆ, ಆಮ್ಲಜನಕವನ್ನು ಮಾತ್ರ ಹೆಚ್ಚುಕಡಿಮೆ ಬಿಟ್ಟುಕೊಡುತ್ತದೆ. ಪಾರದರ್ಶಕ ಪಾಲಿಪ್ರೊಪಿಲೀನ್, ಅಂದರೆ ಪಿಪಿ ಕವರ್ ಸ್ವಲ್ಪ ಮೇಲು, ಆದರೂ ಗಾಳಿ ಒಳಬರುತ್ತದೆ. ಜೊತೆಗೆ ಅಂಗಡಿಯ ಟ್ಯೂಬ್‌ಲೈಟ್, ಬಿಸಿಲು ನೇರ ತಾಗಿ ಎಣ್ಣೆ ಕಮಟುವುದು ಬೇಗವಾಗುತ್ತದೆ. ಒಳಗೆ ಪಾಲಿಥಿನ್ ಪದರ, ಹೊರಗೆ ಬೆಳ್ಳಿ ಬಣ್ಣದ ಮೆಟಲೈಸ್ಡ್ ಪಾಲಿಯೆಸ್ಟರ್ ಇರುವ ಪೌಚ್ ಮೂರನ್ನೂ ತಡೆಯುತ್ತದೆ: ತೇವ, ಆಮ್ಲಜನಕ, ಬೆಳಕು. ನಿಮ್ಮದೇ ನಿಪ್ಪಟ್ಟು ಪಿಪಿ ಕವರಿನಲ್ಲಿ ಒಂದು ತಿಂಗಳು ನಿಂತರೆ ಇದರಲ್ಲಿ ಅದಕ್ಕಿಂತ ಗಣನೀಯವಾಗಿ ಹೆಚ್ಚು ನಿಲ್ಲುತ್ತದೆ. ‘ಒಳಗಿನದು ಕಾಣಬೇಕು’ ಎಂದು ಗಿರಾಕಿ ಕೇಳುತ್ತಾರೆ ಎಂಬುದು ನಿಜ. ಹಿಂದೆ ಬೆಳ್ಳಿ, ಮುಂದೆ ಸಣ್ಣ ಕಿಟಕಿ ಇರುವ ಪೌಚ್ ಸಿಗುತ್ತದೆ, ಆದರೆ ಆ ಕಿಟಕಿ ಎಷ್ಟು ದೊಡ್ಡದೋ ರಕ್ಷಣೆ ಅಷ್ಟು ಕಡಿಮೆ. ಮೂರು ವಾರದಲ್ಲಿ ಮಾರಿ ಮುಗಿಯುವ ಊರಿನ ವ್ಯಾಪಾರಕ್ಕೆ ಪಿಪಿ ಸಾಕು, ಹೊರ ಊರಿಗೆ ಕಳಿಸುವುದಕ್ಕೆ ಬೆಳ್ಳಿ ಪೌಚೇ ಬೇಕು ಎಂಬುದು ನಮ್ಮ ಅಭಿಪ್ರಾಯ.

ಕವರ್ ಕೊಳ್ಳುವಾಗ ಮಾರುವವರಿಂದ ಎರಡು ಕೇಳಿ. ಇದು ಆಹಾರ ದರ್ಜೆಯದ್ದೆಂಬ ಪ್ರಮಾಣಪತ್ರ ಇದೆಯೇ? ಪಾಲಿಥಿನ್‌ಗೆ ಭಾರತೀಯ ಮಾನಕ 10146, ಪಾಲಿಪ್ರೊಪಿಲೀನ್‌ಗೆ 10910. ಪ್ಲಾಸ್ಟಿಕ್‌ನಿಂದ ಆಹಾರಕ್ಕೆ ಇಳಿಯುವ ಅಂಶ ಕಿಲೋಗೆ 60 ಮಿಲಿಗ್ರಾಂ ಮೀರಿಲ್ಲ ಎಂಬ ಪರೀಕ್ಷಾ ವರದಿಯೂ ಇರಬೇಕು. ಎರಡನೆಯದು, ಹೊರಗಿನ ಮುದ್ರಣ ಒಳಮೈಗೆ ತಾಗದಂತಿದೆಯೇ? ಬಿಲ್ಲನ್ನೂ ವರದಿಯ ಪ್ರತಿಯನ್ನೂ ಕಡತದಲ್ಲಿಡಿ. ತಪಾಸಣೆಗೆ ಬಂದವರು ಮೊದಲು ಕೇಳುವ ಕಾಗದಗಳಲ್ಲಿ ಅದೂ ಒಂದು.

ಸೀಲ್ ವಿಷಯಕ್ಕೆ ಸ್ವಲ್ಪ ತಾಳ್ಮೆ ಬೇಕು. ಪೌಚಿನ ಬಾಯಿಯ ಒಳಮೈಗೆ ಎಣ್ಣೆಯೋ ಹಿಟ್ಟಿನ ಪುಡಿಯೋ ಅಂಟಿದ್ದರೆ, ಮೇಲಿಂದ ಸೀಲ್ ಕೂತಂತೆ ಕಂಡರೂ ನಡುವೆ ಕೂದಲೆಳೆಯಷ್ಟು ದಾರಿ ಉಳಿಯುತ್ತದೆ. ಇಡೀ ಬ್ಯಾಚಿನಲ್ಲಿ ‘ಕೆಲವು ಪ್ಯಾಕೆಟ್ ಮಾತ್ರ’ ಮೆತ್ತಗಾಗುವುದಕ್ಕೆ ಬಹುಪಾಲು ಕಾರಣ ಇದೇ. ತುಂಬುವಾಗ ಅಗಲ ಬಾಯಿಯ ಆಲಿಕೆ ಇಡಿ, ಸೀಲ್ ಬೀಳುವ ಜಾಗವನ್ನು ಒಣ ಬಟ್ಟೆಯಿಂದ ಒರೆಸಿ. ಸಣ್ಣ ಹ್ಯಾಂಡ್ ಸೀಲರ್‌ನ 2 ಮಿಲಿಮೀಟರ್ ಗೆರೆಗಿಂತ 8–10 ಮಿಲಿಮೀಟರ್ ಅಗಲದ ಪಟ್ಟಿ ಹಾಕುವ ಸೀಲರ್ ಒಳ್ಳೆಯದು. ಸಣ್ಣದೇ ಇದ್ದರೆ ಸ್ವಲ್ಪ ಅಂತರ ಬಿಟ್ಟು ಎರಡು ಗೆರೆ ಹಾಕಿ. ಜಿಪ್ ಇರುವ ಪೌಚ್ ಆದರೆ ಜಿಪ್‌ನ ಮೇಲೆ ಬಿಸಿ ಸೀಲ್ ಇರಲೇಬೇಕು, ಜಿಪ್ ಇರುವುದು ಗಿರಾಕಿ ತೆರೆದ ಮೇಲಿನ ಬಳಕೆಗೆ. ಪ್ರತಿ ಇಪ್ಪತ್ತೈದಕ್ಕೆ ಒಂದು ಪ್ಯಾಕೆಟನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ ಮೆಲ್ಲಗೆ ಒತ್ತಿ. ಒಂದೇ ಒಂದು ಗುಳ್ಳೆ ಎದ್ದರೂ ಹಿಂದಿನ ಪ್ಯಾಕೆಟ್‌ಗಳನ್ನೆಲ್ಲ ಮತ್ತೆ ಪರೀಕ್ಷಿಸಬೇಕು. ಸ್ಟೇಪ್ಲರ್ ಪಿನ್ ಮುಟ್ಟಲೇಬೇಡಿ, ಅದು ಸೀಲೂ ಅಲ್ಲ, ತಿನ್ನುವವರ ಬಾಯಿಗೆ ಹೋದರೆ ಅಪಾಯ.

ಇಷ್ಟು ಸರಿಮಾಡಿದ ಮೇಲೆ ತಾರೀಖು ಕಂಡುಹಿಡಿಯುವ ಪರೀಕ್ಷೆ. ಇದನ್ನು ಮನೆಯಲ್ಲೇ ಮಾಡಬಹುದು. ಒಂದೇ ಬ್ಯಾಚಿನ, ಮಾರುವ ಕವರಿನಲ್ಲೇ ಸೀಲ್ ಮಾಡಿದ 250 ಗ್ರಾಂನ ಹನ್ನೆರಡು ಪ್ಯಾಕೆಟ್ ತೆಗೆದಿಡಿ. ಪ್ರತಿಯೊಂದರ ಮೇಲೂ ಕವರ್ ಸಮೇತ ತೂಕವನ್ನು 0.1 ಗ್ರಾಂವರೆಗೆ ಬರೆಯಿರಿ. ಒಂದನ್ನು ಫ್ರೀಜರಿನಲ್ಲಿಡಿ, ಅದು ಕೆಡದೆ ಉಳಿಯುವ ಹೋಲಿಕೆಯ ಮಾದರಿ. ಎಂಟನ್ನು ಅಂಗಡಿಯಲ್ಲಿ ಇರುವ ಹಾಗೆಯೇ ಕಪಾಟಿನಲ್ಲಿಡಿ. ಉಳಿದ ಮೂರನ್ನು ಮಳೆಗಾಲದ ಪರೀಕ್ಷೆಗೆ ಇಟ್ಟುಕೊಳ್ಳಿ. ಬಿಗಿ ಮುಚ್ಚಳದ ದೊಡ್ಡ ಪ್ಲಾಸ್ಟಿಕ್ ಡಬ್ಬದ ತಳದಲ್ಲಿ ಒಂದು ಬಟ್ಟಲು ನೀರಿಗೆ ಅಡುಗೆ ಉಪ್ಪು ಹಾಕುತ್ತಾ ಹೋಗಿ, ಕರಗದ ಉಪ್ಪು ತಳದಲ್ಲಿ ನಿಲ್ಲುವಷ್ಟು. ಮುಚ್ಚಿದ ಡಬ್ಬದೊಳಗಿನ ಗಾಳಿಯ ಆರ್ದ್ರತೆ ತಾನಾಗಿ ಶೇಕಡಾ 75ರ ಹತ್ತಿರ ಬಂದು ನಿಲ್ಲುತ್ತದೆ. ಪ್ಯಾಕೆಟ್‌ಗಳು ನೀರಿಗೆ ತಾಗದಂತೆ ಸ್ಟ್ಯಾಂಡ್ ಮೇಲಿಡಿ. ವಾರಕ್ಕೊಮ್ಮೆ ಪ್ಯಾಕೆಟ್ ತೆರೆಯದೆಯೇ ತೂಕ ನೋಡಿ. 250 ಗ್ರಾಂ ಪ್ಯಾಕೆಟ್ 2.5 ಗ್ರಾಂ ಹೆಚ್ಚಾದರೆ ತೇವ ಶೇಕಡಾ 1ರಷ್ಟು ಸೇರಿದೆ ಎಂದರ್ಥ. ಶುರುವಿನ ತೇವ ಶೇಕಡಾ 2 ಇದ್ದು, ತೂಕ 5 ಗ್ರಾಂ ಹೆಚ್ಚಿದಾಗ 4ರ ಹತ್ತಿರ ಬಂದಿರುತ್ತದೆ. ಹಲ್ಲಿಗೆ ಗರಿಗರಿ ಕಡಿಮೆಯಾದದ್ದು ಗೊತ್ತಾಗತೊಡಗುವುದು ಸಾಮಾನ್ಯವಾಗಿ ಅಲ್ಲಿಂದಲೇ. ಮೂರರಲ್ಲಿ ಒಂದು ಮಾತ್ರ ಬೇಗ ತೂಕ ಏರಿದರೆ ತಪ್ಪು ಸೀಲಿನದು. ಮೂರೂ ಒಟ್ಟಿಗೆ ಏರಿದರೆ ತಪ್ಪು ಕವರಿನದು.

ಕಪಾಟಿನ ಎಂಟನ್ನು 7, 15, 21, 30, 38, 45, 52, 60ನೇ ದಿನ ಒಂದೊಂದಾಗಿ ತೆರೆಯಿರಿ. ಕತ್ತರಿಸಿದ ಕ್ಷಣವೇ ಮೂಸಿ ನೋಡಿ, ಕಮಟು ಮೊದಲ ಉಸಿರಿನಲ್ಲಿ ಸ್ಪಷ್ಟ, ಆಮೇಲೆ ಮೂಗಿಗೆ ರೂಢಿಯಾಗಿಬಿಡುತ್ತದೆ. ಒಂದು ನಿಪ್ಪಟ್ಟನ್ನು ಕೈಯಲ್ಲಿ ಪುಡಿಮಾಡಿ ಮತ್ತೆ ಮೂಸಿ, ಫ್ರೀಜರಿನದ್ದರ ಪಕ್ಕದಲ್ಲಿಟ್ಟು ತಿಂದು ನೋಡಿ. ಬೆಳಗಿನಿಂದ ಬಾಣಲೆಯ ಮುಂದೆ ನಿಂತವರು ಈ ಕೆಲಸಕ್ಕೆ ಬೇಡ. ಹೊರಗಿನಿಂದ ಬಂದ ಇಬ್ಬರು ಮೂವರು, ಯಾವುದು ಹಳೆಯದು ಎಂದು ಹೇಳದೆ ಕೇಳಿ. ಹಳೆಯ ಬಣ್ಣದ ಡಬ್ಬದಂಥ ವಾಸನೆ, ನುಂಗಿದ ಮೇಲೆ ಗಂಟಲಲ್ಲಿ ಉಳಿಯುವ ಕಟು, ಇವುಗಳಲ್ಲಿ ಒಂದನ್ನು ಒಬ್ಬರಾದರೂ ಗುರುತಿಸಿದ ದಿನವೇ ನಿಮ್ಮ ಕೊನೆಯ ದಿನ.

ಆ ದಿನವನ್ನೇ ಪ್ಯಾಕೆಟ್ ಮೇಲೆ ಬರೆಯಬೇಡಿ. ಅದರ ಮೂರನೇ ಎರಡು ಭಾಗಕ್ಕಿಂತ ಸ್ವಲ್ಪ ಆಚೀಚೆ ನಿಲ್ಲಿಸಿ. ಅಂದರೆ 60ನೇ ದಿನ ಕಮಟು ಶುರುವಾದರೆ 40ರಿಂದ 45 ದಿನ. ಅಂಗಡಿಯ ಕಪಾಟು ನಿಮ್ಮ ಕಪಾಟಿಗಿಂತ ಬಿಸಿ, ಕೊರಿಯರ್ ಚೀಲ ಅದಕ್ಕಿಂತಲೂ ಬಿಸಿ, ಉಷ್ಣಾಂಶ ಹತ್ತು ಡಿಗ್ರಿ ಏರಿದರೆ ಕಮಟುವ ವೇಗ ಸುಮಾರು ಎರಡು ಪಟ್ಟಾಗುತ್ತದೆ. ಪರೀಕ್ಷೆಯನ್ನು ಏಪ್ರಿಲ್-ಮೇ ಬಿಸಿಲಲ್ಲಿ ಒಮ್ಮೆ, ಆಷಾಢದ ಮಳೆಯಲ್ಲಿ ಒಮ್ಮೆ ಮಾಡಿ, ಎರಡರಲ್ಲಿ ಕಡಿಮೆ ಬಂದದ್ದನ್ನು ಇಟ್ಟುಕೊಳ್ಳಿ. ಎಣ್ಣೆಯೋ ಕವರೋ ಬದಲಾದರೆ ಮತ್ತೆ ಮೊದಲಿನಿಂದ. ದೊಡ್ಡ ಅಂಗಡಿಗಳಿಗೆ ಕೊಡುವ ಹಂತ ಬಂದಾಗ ಮಾನ್ಯತೆ ಇರುವ ಪ್ರಯೋಗಾಲಯದಿಂದ ತೇವಾಂಶ ಮತ್ತು ಎಣ್ಣೆ ಎಷ್ಟು ಕೆಟ್ಟಿದೆ ಎಂದು ತೋರಿಸುವ ಪೆರಾಕ್ಸೈಡ್ ಮೌಲ್ಯ, ಮೊದಲ ದಿನದ್ದು ಮತ್ತು ಕೊನೆಯ ದಿನದ್ದು, ಪರೀಕ್ಷೆ ಮಾಡಿಸಿ. ಮೂಗು ಗುರುತಿಸುವ ಮೊದಲೇ ಪೆರಾಕ್ಸೈಡ್ ಏರಿರುತ್ತದೆ. ಕರ್ನಾಟಕದಲ್ಲಿ ಇದಕ್ಕೆ ಮೈಸೂರಿನ ಸಿಎಫ್‌ಟಿಆರ್‌ಐ ಹಳೆಯ, ನಂಬಿಕಸ್ಥ ಜಾಗ.

ಇನ್ನು ಲೇಬಲ್. ‘ಮೂರು ತಿಂಗಳೊಳಗೆ ಬಳಸಿ’ ಎಂಬ ವಾಕ್ಯವೊಂದೇ ಇದ್ದದ್ದೂ ತಪ್ಪೇ. 2020ರ ಲೇಬಲಿಂಗ್ ಮತ್ತು ಪ್ರದರ್ಶನ ನಿಯಮಗಳ ಪ್ರಕಾರ ತಯಾರಿಸಿದ ಅಥವಾ ಪ್ಯಾಕ್ ಮಾಡಿದ ತಾರೀಖು ಮತ್ತು ‘ಎಕ್ಸ್‌ಪೈರಿ’ ಅಥವಾ ‘ಯೂಸ್ ಬೈ’ ತಾರೀಖು ಎರಡೂ ಕಡ್ಡಾಯ, ಎರಡೂ ಒಂದೇ ಜಾಗದಲ್ಲಿರಬೇಕು. ‘ಬೆಸ್ಟ್ ಬಿಫೋರ್’ ಬೇಕಿದ್ದರೆ ಹೆಚ್ಚುವರಿಯಾಗಿ ಹಾಕಬಹುದು, ಅದು ಎಕ್ಸ್‌ಪೈರಿಗೆ ಬದಲಿ ಅಲ್ಲ. ಮೂರು ತಿಂಗಳವರೆಗಿನ ಅವಧಿಯ ಪದಾರ್ಥಕ್ಕೆ ದಿನ, ತಿಂಗಳು, ವರ್ಷ ಮೂರೂ ಬೇಕು. ಉದಾಹರಣೆಗೆ ತಯಾರಿಸಿದ್ದು 12/06/26, ನಿಮ್ಮ ಅವಧಿ 45 ದಿನವಾದರೆ ಎಕ್ಸ್‌ಪೈರಿ 26/07/26. ಇಲ್ಲಿ ಕರಿದ ದಿನವನ್ನೂ ಲೆಕ್ಕಕ್ಕೆ ಹಿಡಿದಿದೆ. ಎರಡು ದಿನ ಡಬ್ಬಿಯಲ್ಲಿಟ್ಟು ಆಮೇಲೆ ಪ್ಯಾಕ್ ಮಾಡಿದರೂ ಕರಿದ ದಿನದಿಂದಲೇ ಎಣಿಸಿ, ಎಣ್ಣೆ ಕೆಡಲು ಶುರುವಾದದ್ದು ಅಂದಿನಿಂದ. ಮಾರ್ಕರ್ ಪೆನ್ನಿನಲ್ಲಿ ಬರೆದ ತಾರೀಖು ಎಣ್ಣೆ ಕೈ ತಾಗಿದರೆ ಅಳಿಸಿಹೋಗುತ್ತದೆ, ಅಳಿದುಹೋದ ತಾರೀಖು ಇಲ್ಲದ ತಾರೀಖೇ. ಕಾಗದದ ಸ್ಟಿಕರ್ ಮೇಲೆ ಮುದ್ರಿಸಿ ಅಂಟಿಸಿ, ಕಿತ್ತರೆ ಹರಿಯುವಂಥ ಅಂಟು ಇರಲಿ. ಹಳೆಯ ತಾರೀಖಿನ ಮೇಲೆ ಹೊಸ ಸ್ಟಿಕರ್ ಅಂಟಿಸುವುದು ಮಾತ್ರ ಯಾವ ಕಾರಣಕ್ಕೂ ಕೂಡದು.

ಪದಾರ್ಥಗಳ ಪಟ್ಟಿ ತೂಕದ ಇಳಿಕೆ ಕ್ರಮದಲ್ಲಿರಬೇಕು. ಇಲ್ಲಿ ಹೆಚ್ಚಿನವರು ಎಡವುವುದು ಎಣ್ಣೆಯಲ್ಲಿ. ಒಂದು ಬ್ಯಾಚ್ ತೆಗೆದುಕೊಳ್ಳಿ: ಅಕ್ಕಿ ಹಿಟ್ಟು 1000 ಗ್ರಾಂ, ಮೈದಾ 250, ಕಡಲೆಕಾಯಿ ಬೀಜ 220, ಹುರಿಗಡಲೆ ಪುಡಿ 200, ಎಳ್ಳು 40, ಉಪ್ಪು 35, ಮೆಣಸಿನ ಪುಡಿ 30, ಕರಿಬೇವು 25, ಇಂಗು 5, ಕಲಸಲು ಕಾದ ಎಣ್ಣೆ 60. ಬಾಣಲೆಯ ಎಣ್ಣೆಯನ್ನು ಕರಿಯುವ ಮೊದಲು ತೂಗಿ, ಕರಿದು ತಣ್ಣಗಾದ ಮೇಲೆ ಸೋಸಿ ಮತ್ತೆ ತೂಗಿ. 3000 ಗ್ರಾಂ ಇದ್ದದ್ದು 2520 ಉಳಿದರೆ 480 ಗ್ರಾಂ ತಿಂಡಿಗೆ ಹೋಗಿದೆ. ಕಲಸಿದ್ದು ಸೇರಿ ಎಣ್ಣೆ 540 ಗ್ರಾಂ. ಹಾಗಾದರೆ ಎಣ್ಣೆ ಪಟ್ಟಿಯ ಕೊನೆಯಲ್ಲಿ ಅಲ್ಲ, ಎರಡನೇ ಸ್ಥಾನದಲ್ಲಿ ಬರಬೇಕು: ಅಕ್ಕಿ ಹಿಟ್ಟು, ಸೂರ್ಯಕಾಂತಿ ಎಣ್ಣೆ, ಮೈದಾ, ಕಡಲೆಕಾಯಿ ಬೀಜ, ಹುರಿಗಡಲೆ, ಎಳ್ಳು, ಉಪ್ಪು, ಮೆಣಸಿನ ಪುಡಿ, ಕರಿಬೇವು, ಇಂಗು. ‘ಖಾದ್ಯ ತೈಲ’ ಎಂದಷ್ಟೇ ಬರೆದರೆ ಸಾಲದು, ಯಾವ ಎಣ್ಣೆ ಎಂದು ಹೆಸರು ಬೇಕು. ಕಲಸಿದ ನೀರು ಆವಿಯಾಗಿ ಹೋಗುವುದರಿಂದ ಪಟ್ಟಿಯಲ್ಲಿ ಬೇಡ.

ಅಲರ್ಜಿ ಸಾಲನ್ನು ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ. ಕಡಲೆಕಾಯಿ ಅಲರ್ಜಿ ಇರುವ ಮಗುವಿಗೆ ಅದು ಜೀವದ ಪ್ರಶ್ನೆ. ನಿಪ್ಪಟ್ಟಿಗೆ ‘ಗೋಧಿ, ಕಡಲೆಕಾಯಿ ಇದೆ’ ಎಂದು ಪಟ್ಟಿಯ ಕೆಳಗೆ ಪ್ರತ್ಯೇಕವಾಗಿ ಬರೆಯಬೇಕು, ಮೈದಾ ಗೋಧಿಯೇ. ಬೆಣ್ಣೆ ಹಾಕಿದ ಚಕ್ಕುಲಿಗೆ ‘ಹಾಲು ಇದೆ’. ಚಕ್ಕುಲಿಯಲ್ಲಿ ಇನ್ನೊಂದು ಕಾಣದ ಗೋಧಿ ಇರುತ್ತದೆ: ಅಂಗಡಿಯ ಇಂಗು ಶುದ್ಧ ಇಂಗಲ್ಲ, ಗೋಂದು ಮತ್ತು ಹಿಟ್ಟು ಸೇರಿಸಿದ ಮಿಶ್ರಣ, ಆ ಹಿಟ್ಟು ಬಹಳ ಸಲ ಗೋಧಿಯದ್ದು. ಡಬ್ಬಿಯ ಹಿಂಬದಿ ಓದಿ. ಅದನ್ನು ನೋಡದೆ ‘ಅಕ್ಕಿಯಿಂದ ಮಾಡಿದ್ದು, ಗ್ಲೂಟೆನ್ ಇಲ್ಲ’ ಎಂದು ಬರೆದರೆ ಸುಳ್ಳಾಗುತ್ತದೆ. ನಿಪ್ಪಟ್ಟು ಕರಿದ ಎಣ್ಣೆಯಲ್ಲೇ ಚಕ್ಕುಲಿ ಕರಿದರೆ ಚಕ್ಕುಲಿಯ ಮೇಲೆ ‘ಕಡಲೆಕಾಯಿ ಅಂಶ ಇರಬಹುದು’ ಎಂದು ಹಾಕಿ. ಭಾರತದ ಅಲರ್ಜಿ ಪಟ್ಟಿಯಲ್ಲಿ ಎಳ್ಳು ಇಲ್ಲ, ಆದರೆ ಅಮೆರಿಕದಲ್ಲಿ 2023ರ ಜನವರಿ 1ರಿಂದ ಕಡ್ಡಾಯ. ನಿಮ್ಮ ಪ್ಯಾಕೆಟ್ ಅಲ್ಲಿರುವ ಮಕ್ಕಳ ಸೂಟ್‌ಕೇಸ್ ಸೇರುವುದು ಸಾಮಾನ್ಯ, ಹಾಗಾಗಿ ಎಳ್ಳನ್ನೂ ಅದೇ ಸಾಲಿಗೆ ಸೇರಿಸುವುದು ಒಳ್ಳೆಯದು.

ಪೌಷ್ಟಿಕಾಂಶದ ಪಟ್ಟಿಗೂ ಮೇಲಿನ ತೂಕವೇ ಆಧಾರ. ಆ ಬ್ಯಾಚಿನಲ್ಲಿ ತಯಾರಾದ ನಿಪ್ಪಟ್ಟು 2100 ಗ್ರಾಂ ತೂಗಿತು ಎಂದುಕೊಳ್ಳಿ. ಎಣ್ಣೆ 540, ಬೀಜದ ಕೊಬ್ಬು ಸುಮಾರು 88, ಎಳ್ಳಿನದು 17, ಒಟ್ಟು 645 ಗ್ರಾಂ. ಅಂದರೆ 100 ಗ್ರಾಂ ನಿಪ್ಪಟ್ಟಿನಲ್ಲಿ ಕೊಬ್ಬು ಸುಮಾರು 31 ಗ್ರಾಂ, ಹಿಟ್ಟು ಮತ್ತು ಹುರಿಗಡಲೆಯದ್ದು ಸ್ವಲ್ಪ ಸೇರುತ್ತದೆ. ಉಪ್ಪಿನಲ್ಲಿ ಸೋಡಿಯಂ ಶೇಕಡಾ 39ರಷ್ಟು, ಹಾಗಾಗಿ 35 ಗ್ರಾಂ ಉಪ್ಪಿನಿಂದ 100 ಗ್ರಾಂಗೆ ಸುಮಾರು 650 ಮಿಲಿಗ್ರಾಂ ಸೋಡಿಯಂ. ಇದೇ ರೀತಿ ಶಕ್ತಿ, ಪ್ರೋಟೀನ್, ಕಾರ್ಬೋಹೈಡ್ರೇಟ್, ಒಟ್ಟು ಸಕ್ಕರೆ, ಸೇರಿಸಿದ ಸಕ್ಕರೆ, ಸ್ಯಾಚುರೇಟೆಡ್ ಮತ್ತು ಟ್ರಾನ್ಸ್ ಕೊಬ್ಬು, ಕೊಲೆಸ್ಟ್ರಾಲ್ 100 ಗ್ರಾಂ ಲೆಕ್ಕದಲ್ಲಿ ಬೇಕು. ಒಂದು ಸಲ ತಿನ್ನುವ ಪ್ರಮಾಣ ದಿನದ ಮಿತಿಯಲ್ಲಿ ಶೇಕಡಾ ಎಷ್ಟು ಎಂಬುದೂ ಬೇಕು. 30 ಗ್ರಾಂ ಎಂದಿಟ್ಟರೆ ಕೊಬ್ಬು 9 ಗ್ರಾಂ ಚಿಲ್ಲರೆ, ದಿನದ ಮಿತಿ 67 ಗ್ರಾಂ, ಅಂದರೆ ಶೇಕಡಾ 14. ಪ್ರತಿ ಪದಾರ್ಥದ ಅಂಕಿಅಂಶ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಸಂಯೋಜನೆ ಕೋಷ್ಟಕಗಳಲ್ಲಿ ಸಿಗುತ್ತದೆ. ಬೇರೆ ಕಂಪನಿಯ ನಿಪ್ಪಟ್ಟಿನ ಹಿಂಬದಿಯ ಪಟ್ಟಿಯನ್ನು ನಕಲು ಮಾಡಬೇಡಿ. ಎಣ್ಣೆ ಹೀರುವುದು ಕೈಯಿಂದ ಕೈಗೆ ಬದಲಾಗುತ್ತದೆ, ಮಾದರಿ ತೆಗೆದು ಪರೀಕ್ಷಿಸಿದಾಗ ಮೊದಲು ಸಿಕ್ಕಿಬೀಳುವುದು ಕೊಬ್ಬಿನ ಅಂಕಿಯೇ.

ತೂಕ, ಬೆಲೆ ಬರುವುದು ಬೇರೆ ಕಾನೂನಿನಡಿ, ಕಾನೂನು ಮಾಪನಶಾಸ್ತ್ರ ಇಲಾಖೆಯ 2011ರ ಪ್ಯಾಕೇಜು ಸರಕು ನಿಯಮಗಳಡಿ. ನಿವ್ವಳ ತೂಕ, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ, ಜೊತೆಗೆ ಒಂದು ಗ್ರಾಂನ ಬೆಲೆ. 250 ಗ್ರಾಂಗೆ 110 ರೂಪಾಯಿ ಆದರೆ ‘ಪ್ರತಿ ಗ್ರಾಂಗೆ ರೂ. 0.44’. ದೂರು ಹೇಳಲು ಫೋನ್ ನಂಬರ್, ಇಮೇಲ್, ವಿಳಾಸ. ಅಂಗಡಿಯವರು ತಕರಾರು ತೆಗೆದದ್ದು ಹೆಚ್ಚಾಗಿ ಈ ಸಾಲುಗಳು ಇಲ್ಲವೆಂದೇ ಇರಬಹುದು, ಎಫ್‌ಎಸ್‌ಎಸ್‌ಎಐ ಆದರೆ ಎಲ್ಲ ಆಯಿತು ಎಂದು ತಿಳಿದವರೇ ಜಾಸ್ತಿ. ಪ್ಯಾಕ್ ಮಾಡಲು ಶುರುಮಾಡಿದ 90 ದಿನದೊಳಗೆ ಈ ಇಲಾಖೆಯಲ್ಲಿ ಪ್ಯಾಕರ್ ಆಗಿ ಪ್ರತ್ಯೇಕ ನೋಂದಣಿ ಮಾಡಿಸಬೇಕು, ತಕ್ಕಡಿಗೂ ಇಲಾಖೆಯ ಮುದ್ರೆ ಇರಬೇಕು. ತಕ್ಕಡಿಯಲ್ಲಿ ಕವರಿನ ತೂಕವನ್ನು ಮೊದಲು ಕಳೆಯಲು ಮರೆಯಬೇಡಿ. ಬೆಳ್ಳಿ ಪೌಚೇ ಹತ್ತು ಗ್ರಾಂ ತೂಗಬಹುದು, 250 ಗ್ರಾಂ ಪ್ಯಾಕೆಟ್‌ಗೆ ನಿಯಮ ಸಹಿಸುವ ಕೊರತೆ 9 ಗ್ರಾಂ ಮಾತ್ರ.

ಪೌಚಿನ ಮುಂಭಾಗದಲ್ಲಿ ಹೆಸರು, ನಿವ್ವಳ ತೂಕ, ಸಸ್ಯಾಹಾರದ ಹಸಿರು ಗುರುತು ಇರಲಿ. ಮುಂಭಾಗ 15 ಸೆಂಟಿಮೀಟರ್ ಅಗಲ, 22 ಎತ್ತರ ಇದ್ದರೆ 330 ಚದರ ಸೆಂಟಿಮೀಟರ್ ಆಗುತ್ತದೆ. ಆ ಅಳತೆಗೆ ಹಸಿರು ವೃತ್ತದ ವ್ಯಾಸ ಕನಿಷ್ಠ 4 ಮಿಲಿಮೀಟರ್, ಸುತ್ತಲಿನ ಚೌಕದ ಬದಿ ಅದರ ಎರಡರಷ್ಟು. ಎಫ್‌ಎಸ್‌ಎಸ್‌ಎಐ ಗುರುತು ಮತ್ತು 14 ಅಂಕಿಯ ನೋಂದಣಿ ಸಂಖ್ಯೆ ಹಿನ್ನೆಲೆಗೆ ಎದ್ದು ಕಾಣುವ ಬಣ್ಣದಲ್ಲಿರಬೇಕು. ವಿಳಾಸ ನೋಂದಣಿಯಲ್ಲಿರುವುದೇ ಆಗಿರಬೇಕು, ಮನೆ ಬದಲಾಯಿಸಿದ್ದರೆ ಮೊದಲು foscos.fssai.gov.in ನಲ್ಲಿ ತಿದ್ದಿಸಿ.

ಭಾಷೆಯ ವಿಷಯ ಗಮನಿಸಿ. ಕಡ್ಡಾಯ ವಿವರಗಳು ಇಂಗ್ಲಿಷ್‌ನಲ್ಲೋ ದೇವನಾಗರಿ ಹಿಂದಿಯಲ್ಲೋ ಇರಲೇಬೇಕು, ಬರೀ ಕನ್ನಡ ಲೇಬಲ್ ಕೇಂದ್ರದ ನಿಯಮಕ್ಕೆ ಸಾಲದು. ಹಾಗೆಂದು ಬರೀ ಇಂಗ್ಲಿಷ್ ಕೂಡ ಇಲ್ಲಿ ಸಾಲದು: ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ 2022 ರಾಜ್ಯದಲ್ಲಿ ತಯಾರಾಗಿ ಮಾರಾಟವಾಗುವ ಸರಕಿನ ಹೆಸರು ಮತ್ತು ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕೆಂದು ಹೇಳುತ್ತದೆ. ಎರಡೂ ಭಾಷೆ ಹಾಕಿ, ಎರಡರಲ್ಲೂ ಅಂಕಿಗಳು ಒಂದೇ ಇರಲಿ.

ಕೆಲವು ಮಾತುಗಳನ್ನು ಬಿಡಿ. ‘ಹೋಮ್ ಮೇಡ್’, ‘ಮನೆ ಅಡುಗೆ’ ಎಂಬಂಥವು ಗಿರಾಕಿಗೆ ತಪ್ಪು ಅಭಿಪ್ರಾಯ ಕೊಡುವಂತಿದ್ದರೆ ಬಳಸಕೂಡದು ಎಂದು 2018ರ ಜಾಹೀರಾತು ಮತ್ತು ಹಕ್ಕುಸಾಧನೆ ನಿಯಮಗಳಲ್ಲಿದೆ. ನಿಮ್ಮದು ನಿಜವಾಗಿ ಮನೆಯದ್ದೇ ಆದರೂ, ವಿಳಾಸವೇ ಅದನ್ನು ಹೇಳುವಾಗ ಆ ಮಾತಿಗಾಗಿ ವಾದಕ್ಕೆ ನಿಲ್ಲುವುದು ಬೇಡ. ‘ನ್ಯಾಚುರಲ್’, ‘ಫ್ರೆಶ್’, ‘ಸಾಂಪ್ರದಾಯಿಕ’ ಪದಗಳಿಗೂ ಷರತ್ತುಗಳಿವೆ. ‘ಯಾವುದೇ ರಾಸಾಯನಿಕ ಸೇರಿಸಿಲ್ಲ’ ಎಂದು ಬರೆಯುವ ಮೊದಲು ಎಣ್ಣೆಯ ಡಬ್ಬಿಯನ್ನು ತಿರುಗಿಸಿ ನೋಡಿ. ಅನೇಕ ರಿಫೈಂಡ್ ಎಣ್ಣೆಗಳಲ್ಲಿ 319 ಸಂಖ್ಯೆಯ ಆಂಟಿಆಕ್ಸಿಡೆಂಟ್ ಇರುತ್ತದೆ. ನೀವು ಹಾಕದಿದ್ದರೂ ಅದು ನಿಮ್ಮ ನಿಪ್ಪಟ್ಟಿನಲ್ಲಿದೆ.

ಆನ್‌ಲೈನ್‌ನಲ್ಲಿ ಮಾರುವ ಯೋಚನೆ ಇದ್ದರೆ 45 ದಿನದ ಅವಧಿಯನ್ನು ಇನ್ನೊಮ್ಮೆ ಲೆಕ್ಕ ಹಾಕಿ. ಗಿರಾಕಿಯ ಕೈ ಸೇರುವಾಗ ಕನಿಷ್ಠ ಶೇಕಡಾ 30ರಷ್ಟು ಅವಧಿ ಉಳಿದಿರಬೇಕೆಂದು 2024ರ ನವೆಂಬರಿನಲ್ಲಿ ಎಫ್‌ಎಸ್‌ಎಸ್‌ಎಐ ಆನ್‌ಲೈನ್ ಮಾರಾಟ ವೇದಿಕೆಗಳಿಗೆ ಸೂಚಿಸಿದೆ. ಆ ಲೆಕ್ಕದಲ್ಲಿ ನಿಮ್ಮ ಪ್ಯಾಕೆಟ್‌ಗೆ 14 ದಿನ ಉಳಿದಿರಬೇಕು. ಜೂನ್ 12ರ ಬ್ಯಾಚ್ ಜುಲೈ 12ರ ಹೊತ್ತಿಗೆ ಮನೆ ತಲುಪಿರಬೇಕು. ಹಾಗಾಗಿ ಒಮ್ಮೆಗೆ ದೊಡ್ಡ ಬ್ಯಾಚ್ ಮಾಡುವ ಬದಲು ವಾರಕ್ಕೊಂದು ಸಣ್ಣ ಬ್ಯಾಚ್ ಮಾಡಿ, ಪ್ರತಿಯೊಂದಕ್ಕೂ ಸಂಖ್ಯೆ ಕೊಡಿ. ನೋಟ್‌ಬುಕ್ಕಿನಲ್ಲಿ ಆ ಸಂಖ್ಯೆಯ ಎದುರು ಎಣ್ಣೆ ಯಾವುದು, ಎಷ್ಟನೇ ಸಲದ್ದು, ಬೀಜ ಯಾವತ್ತು ಹುರಿದದ್ದು, ಕವರ್ ಯಾವ ರೋಲಿನದು, ಎಷ್ಟು ಪ್ಯಾಕೆಟ್ ಯಾವ ಅಂಗಡಿಗೆ ಹೋಯಿತು ಎಂದು ಬರೆಯಿರಿ. ಮುಂದಿನ ಸಲ ಅಂಗಡಿಯಿಂದ ಕಮಟು ಪ್ಯಾಕೆಟ್ ವಾಪಸ್ ಬಂದಾಗ ಅದರ ಸಂಖ್ಯೆ ನೋಡಿ, ಅದೇ ಬ್ಯಾಚಿನ ಉಳಿದವುಗಳನ್ನು ಅಂದೇ ಎಲ್ಲ ಅಂಗಡಿಗಳಿಂದ ಹಿಂದಕ್ಕೆ ತರಿಸಿಕೊಳ್ಳಿ.